ಹಾಕ್ತೇನಿ ಅಂದದ್ದು ರೊಕ್ಕಲ್ಲ

ಹೋದ ವರ್ಷ ಜನವರಿ ಎರಡನೇ ರವಿವಾರ ಮುಂಜಾನೆ ನಾ ಇನ್ನೂ ಚಾ ಸೋಸಾಕತ್ತಿದ್ನಿ, ಮ್ಯಾಲಿನ ಖೋಲಿಯಿಂದ ಕೂಗಾಟ ಕೇಳಿಸ್ತು. ಆಮ್ಯಾಲ ಒಂದು ಟ್ರಂಕ್ ಎಳೆದ ಸಪ್ಪಳ. ಬೈಲಹೊಂಗಲದ ಹುಡುಗ ಗಂಟು ಕಟ್ಟಾಕತ್ತಿದ್ದ. "ಕಾಕು, ನಾ ಈ ಮಂದಿ ಕೂಡ ಇರಂಗಿಲ್ರಿ. ನನ್ನ ಡಿಪಾಸಿಟ್ ಕೊಟ್ಟಬಿಡ್ರಿ" ಅಂತ ಪಾವಟಿಗಿ ಮ್ಯಾಲ ನಿಂತ. ಅವನ ಹಿಂದ ಉಳದ ಮೂರು ಮಂದಿ, ಎಲ್ಲಾರ ಕೈಯಾಗೂ ಫೋನು, ಎಲ್ಲಾರದ್ದೂ ಒಂದ ಮಾತು: "ಚಾಟಿನ್ಯಾಗ ಐತ್ರಿ ಕಾಕು, ನೀವ ನೋಡ್ರಿ."

ನಮ್ಮ ಮಚ್ಛೆಯೊಳಗ ಇಂಥಾ ಮ್ಯಾಲಿನ ಖೋಲಿಗೋಳು ಓಣಿಗೆ ನಾಕೈದು ಇರತಾವು. ಖಾನಾಪುರ ರಸ್ತಾಕ್ಕ ವಿಟಿಯು ಐತಿ, ಬೆಳಗಾವಿ ಕಡೆ ಉದ್ಯಮಬಾಗದ ಕಾರಖಾನಿ ಅದಾವು. ಓದೂ ಹುಡುಗ್ರು, ದುಡಿಯೂ ಹುಡುಗ್ರು ಒಂದ ಖೋಲಿಯಾಗ ಇರತಾರ. ನಮ್ಮ ಮ್ಯಾಲೆ ಇರೂ ನಾಕು ಮಂದಿಯಾಗ ಇಬ್ಬರು ಓದವ್ರು, ಇಬ್ಬರು ಮಶೀನ್ ಶಾಪಿಗೆ ಹೋಗವ್ರು. ಹೆಸರು ಬ್ಯಾಡ, ಊರ ಹೆಸರಿಲೆ ಕರೀತೇನಿ: ಅಥಣಿ, ಗೋಕಾಕ, ಖಾನಾಪುರ, ಬೈಲಹೊಂಗಲ. ಬಾಡಿಗಿ ಅವರು ತಮ್ಮ ತಮ್ಮ ಪಾಲು ನನಗ ನೇರ ಕೊಡತಾರ, ಅದರಾಗ ತಕರಾರು ಇಲ್ಲ. ಗ್ಯಾಸು, ಕಿರಾಣಿ, ವೈಫೈ, ಕರೆಂಟು ಇವಷ್ಟ ಅವರವರೊಳಗ. ಅದೆಲ್ಲಾ ಒಂದು ವಾಟ್ಸಾಪ್ ಗುಂಪಿನ್ಯಾಗ ನಡೀತದ.

ನಾ ಖಾನಾಪುರದ ಕಿರಾಣಿ ಅಂಗಡಿಯವರ ಮಗಳು. ನಮ್ಮಪ್ಪನ ಅಂಗಡ್ಯಾಗ ಎರಡು ವಹಿ ಇರತಿದ್ವು. ಒಂದು ಕಚ್ಚಾ ವಹಿ. ಗಿರಾಕಿ ಬಂದಂಗ, ನೆನಪಾದಂಗ, ಅರ್ಧಂಬರ್ಧ ಬರದದ್ದು. ಇನ್ನೊಂದು ಪಕ್ಕಾ ವಹಿ. ರಾತ್ರಿ ಬಾಗಿಲಾ ಹಾಕಿದ ಮ್ಯಾಲ ಕಚ್ಚಾ ವಹಿ ನೋಡಿ, ಯಾರಿಗೆ ಉದ್ರಿ ಎಷ್ಟು, ಜಮಾ ಎಷ್ಟು ಅಂತ ಇಳಿಸಿದ್ದು. ಈ ಹುಡುಗ್ರ ತಪ್ಪು ಏನಂದ್ರ ಚಾಟನ್ನ ಪಕ್ಕಾ ವಹಿ ಅಂತ ತಿಳದದ್ದು. ಅದು ಕಚ್ಚಾ ವಹಿ. ಅದನ್ನ ಇಳಿಸಾಕ ಒಬ್ಬರು ಕುಂಡರಬೇಕು. ಮತ್ತ ಎರಡು ಸಲ ಓದಬೇಕು: ಒಮ್ಮಿ ರೊಕ್ಕಕ್ಕ, ಒಮ್ಮಿ ಜಗಳಕ್ಕ. ಎರಡನ್ನೂ ಒಂದ ಸಲಕ್ಕ ಓದಿದ್ರ, ಜೋರಾಗಿ ಮಾತಾಡಿದಾಂವಗ ರೊಕ್ಕ ಬರಬೇಕು ಅಂತ ಅನಸ್ತದ. ನನಗೂ ಮೊದಲ ಹಂಗ ಅನಿಸಿತ್ತು. ಅದು ಖರೆ ಇರಲಿಲ್ಲ.

ಮೊದಲ ನಾಕೂ ಮಂದಿನ್ನ ಕೇಳಿದೆ, "ನಾ ಓದ್ಲಿ ಏನು?" ಅಂತ. ಹೂಂ ಅಂದ್ರು. ಡಿಸೆಂಬರ್ 1ರಿಂದ ಮುಂದಿನದಷ್ಟ ಓದ್ತೇನಿ, ಅಂಕಿ ಇದ್ದ ಸಾಲು ಮತ್ತ ಅದರ ಹಿಂದ ಮುಂದಿನ ನಾಕು ಸಾಲು ಅಷ್ಟ, ಉಳದದ್ದು ನಿಮ್ಮ ವಿಷಯ ಅಂದೆ. ಅಥಣಿಯಾಂವ ಗುಂಪು ತಗದು ಮ್ಯಾಲಿನ ಮೂರು ಚುಕ್ಕಿ ಒತ್ತಿ, `More`, ಆಮ್ಯಾಲ `Export chat`, ಆಮ್ಯಾಲ `Without media` ಅಂತ ಒತ್ತಿ ಬರೀ ಅಕ್ಷರದ ಫೈಲು ಮಾಡಿ ಕಳಿಸಿದ. ಅದನ್ನ ಕಾಗದದ ಮ್ಯಾಲೆ ತಗಸಿದೆ. ಕಾಗದದ ಮ್ಯಾಲೆ ಪೆನ್ಸಿಲ್ ಹಿಡದು ಓದೂದ ನನಗ ರೂಢಿ.

ಒಂದು ಮಾತು ಇಲ್ಲೇ ಹೇಳಿಬಿಡತೇನಿ. ಈ ಫೈಲಿನ್ಯಾಗ ಎಲ್ಲಾ ಬರಂಗಿಲ್ಲ. ಫೋಟೋ ಇದ್ದಲ್ಲಿ `<Media omitted>` ಅಂತ ಇರತದ, ಅಂದ್ರ ರೊಕ್ಕ ಕಳಿಸಿದ ಸ್ಕ್ರೀನ್‌ಶಾಟು ಹೋತು. ಮೆಸೇಜಿನ ಮ್ಯಾಲೆ ಒತ್ತಿ ಹಾಕೂ ಹೆಬ್ಬಟ್ಟು ಬರಂಗಿಲ್ಲ. ಯಾವ ಮಾತಿಗೆ ಯಾವ ಉತ್ತರ ಅಂತ ಎಳದು ಕೊಟ್ಟ ಗುರುತೂ ಬರಂಗಿಲ್ಲ. ಹಿಂಗಾಗಿ ಕಾಗದ ಒಂದು ಕೈಯಾಗ, ಫೋನು ಇನ್ನೊಂದು ಕೈಯಾಗ ಇರಬೇಕು. ಇದು ಸಣ್ಣ ಮಾತು ಅನಸ್ತದ. ನಮ್ಮ ಮನಿ ಜಗಳದ ಬೇರು ಅಲ್ಲೇ ಇತ್ತು.

ಮೊದಲ ಓದು ರೊಕ್ಕಕ್ಕ. ಅಂಕಿ ಇದ್ದ ಎಲ್ಲಾ ಸಾಲಿಗೂ ಗೆರಿ ಎಳದೆ. ಆಮ್ಯಾಲ ಆ ಸಾಲಿನ್ಯಾಗ ಕ್ರಿಯಾಪದ ಯಾವುದು ಅಂತ ನೋಡಿದೆ. ಶಾಲಿಯಾಗ ವ್ಯಾಕರಣ ಕಲಿಸೂಮುಂದ ಇದು ಉಪಯೋಗ ಆಗ್ತದ ಅಂತ ಯಾರೂ ಹೇಳಿರಲಿಲ್ಲ. ಈ ನಾಕು ಸಾಲು ನೋಡ್ರಿ (ಹೆಸರಿನ ಜಾಗಾದಾಗ ಊರು ಹಾಕೀನಿ):

```
12/12/24, 9:52 pm - Khanapur: 500 hakteni
14/12/24, 7:08 pm - Khanapur: <Media omitted>
14/12/24, 7:08 pm - Khanapur: 500 hakeni
14/12/24, 7:31 pm - Bailhongal: bantu
```

`hakteni` ಅಂದ್ರ ಹಾಕ್ತೇನಿ. `hakeni` ಅಂದ್ರ ಹಾಕೇನಿ. ನಡಕ ಒಂದು `t` ಅಷ್ಟ ಫರಕು. ಮೊದಲನೇದು ಬರೀ ಮಾತು. ಎರಡನೇದು ಕೊಟ್ಟಾಂವ ಹೇಳಿದ್ದು. `bantu` ಅನ್ನೂದು ತಗೊಂಡಾಂವ ಒಪ್ಪಿದ್ದು. ಮೂರನೇದು ಇದ್ದ್ರ ಮಾತ್ರ ನಾ ಕಣ್ಣ ಮುಚ್ಚಿ ವಹಿಗೆ ಇಳಸ್ತೇನಿ. ಬರೀ `hakeni` ಇದ್ದು `bantu` ಇಲ್ಲದಿದ್ರ, ಆ ತಾರೀಖಿನ ದಿವಸ ಅವನ ಯುಪಿಐ ಇತಿಹಾಸ ತಗದು ನೋಡಬೇಕು. ಅಲ್ಲಿ ಪ್ರತಿ ವ್ಯವಹಾರಕ್ಕೂ 12 ಅಂಕಿಯ ನಂಬರ ಇರತದ, ಹಾದಿ ತಪ್ಪಿತೋ ಮುಟ್ಟಿತೋ ಅನ್ನೂದೂ ಇರತದ. `hakteni`ಗೆ ಏನೂ ಇಲ್ಲ. ಅದಕ್ಕ ಸೊನ್ನಿ. ಖಾನಾಪುರದಾಂವ ತನ್ನ ಫೋನಿನ್ಯಾಗ 500 ಅಂತ ಹುಡುಕಿ, ಎರಡು ಸಾಲು ಸಿಕ್ಕಾವು ಅಂತ ಸಾವಿರ ಕೊಟ್ಟೇನಿ ಅಂತಿದ್ದ. ಸುಳ್ಳು ಹೇಳಲಿಲ್ಲ ಪಾಪ, ಖರೇನ ಹಂಗ ತಿಳದಿದ್ದ. ಅವನ ಮನ್ಯಾಗ ಮರಾಠಿ, ಗುಂಪಿನ್ಯಾಗ ಕನ್ನಡ. ದೇತೋ, ದಿಲೇ ಅಂತ ಬರದಿದ್ರ ಹಿಂಗ ಗಲಿಬಿಲಿ ಆಗ್ತಿದ್ದಿಲ್ಲ ಅಂತ ನಕ್ಕ.

ಹಿಂಗ ಸೋಸಿದ ಮ್ಯಾಲ ಒಂದು ತಿಂಗಳ ಚಿಲ್ಲರ ಖರ್ಚಿನ್ಯಾಗ ಉಳದದ್ದು ಬರೀ ಆರು ಸಾಲು:

ಗ್ಯಾಸು 880, ಕೊಟ್ಟಾಂವ ಖಾನಾಪುರ.
ನೀರ ಕಾಸೂ ರಾಡ್ 640, ಗೋಕಾಕ.
ಕಿರಾಣಿ 2,400, ಬೈಲಹೊಂಗಲ.
ಹುಟ್ಟಿದಹಬ್ಬದ ಕೇಕು, ಊಟ 900, ಗೋಕಾಕ. ಅಥಣಿಯಾಂವ ಊರಾಗ ಇದ್ದ, ಇದು ಮೂರು ಮಂದಿದಷ್ಟ.
ವೈಫೈ 720, ಅಥಣಿ.
ಕರೆಂಟು 1,760, ಅಥಣಿ.

ಒಟ್ಟು 7,300. ನಾಕೂ ಮಂದಿಗೆ ಸೇರಿದ್ದು ಕೇಕು ಬಿಟ್ಟು 6,400, ತಲಿಗೆ 1,600. ಕೇಕಿಗೆ ಮೂರು ಮಂದಿಗೆ ತಲಿಗೆ 300. ಅಂದ್ರ ಅಥಣಿಯ ಪಾಲು 1,600, ಉಳದ ಮೂರೂ ಮಂದಿದು 1,900. ಇನ್ನ ಯಾರು ಎಷ್ಟು ಹಾಕ್ಯಾರ ಅದರಾಗಿಂದ ಪಾಲು ಕಳದ್ರ: ಅಥಣಿಗೆ 880 ಬರಬೇಕು, ಬೈಲಹೊಂಗಲಕ್ಕ 500 ಬರಬೇಕು, ಗೋಕಾಕ 360 ಕೊಡಬೇಕು, ಖಾನಾಪುರ 1,020 ಕೊಡಬೇಕು. ಬರೂದು 1,380, ಕೊಡೂದು 1,380. ಎರಡೂ ಸಮ ಆದ್ವು ಅಂದ್ರ ಕೂಡಿಸಿದ್ದು ಬರೋಬ್ಬರಿ. ಸಮ ಆಗದಿದ್ರ ಮುಂದ ಹೋಗಬಾರದು, ಯಾವುದೋ ಸಾಲು ಬಿಟ್ಟೈತಿ ಇಲ್ಲಾ ಎರಡು ಸಲ ಬಂದೈತಿ.

ಆ 500 ಎಲ್ಲಿ ಹೋತು ಅಂತ ಕೇಳ್ತೀರಿ. ಅದನ್ನ ನಾ ಬೇಕಂತನ ಮ್ಯಾಲಿನ ಆರು ಸಾಲಿನ್ಯಾಗ ಬರೀಲಿಲ್ಲ. ಅದು ಖರ್ಚಲ್ಲ. ಮನಿಗೆ ಏನೂ ಬರಲಿಲ್ಲ ಅದರಿಂದ, ಒಬ್ಬನ ಕಿಸೆದಿಂದ ಇನ್ನೊಬ್ಬನ ಕಿಸೆಕ್ಕ ಹೋತು, ಅಷ್ಟ. ಗೋಕಾಕದ ಹುಡುಗ ಮೊಬೈಲಿನ್ಯಾಗ ಮಾಡಿದ ಲೆಕ್ಕದಾಗ ಇದನ್ನೂ ಖರ್ಚು ಅಂತ ಹಿಡದು ನಾಕು ಪಾಲು ಮಾಡಿದ್ದ. ಹಂಗ ಮಾಡಿದ್ರ ಏನಾಗ್ತದ ನೋಡ್ರಿ: ಸಂಬಂಧ ಇಲ್ಲದ ಅಥಣಿಗೂ ಗೋಕಾಕಕ್ಕೂ ತಲಿಗೆ 125 ಹೊರಿ ಬೀಳತದ, ಬೈಲಹೊಂಗಲಕ್ಕ 500 ಕೈಗೆ ಬಂದ ಮ್ಯಾಲೂ ಇನ್ನೂ 375 ಬರಬೇಕು ಅಂತ ತೋರಸ್ತದ. ಕೂಡಿಸಿದ್ರ ಸಮಾನ ಬರ್ತದ, ಅದಕ್ಕ ತಪ್ಪು ಕಾಣಂಗಿಲ್ಲ. ಇದು ನಾ ಬಹಳ ಕಡೆ ನೋಡಿದ ತಪ್ಪು. ಭಿಶಿ ನಡಸೂ ಹೆಣ್ಣಮಕ್ಕಳೂ ಒಮ್ಮೊಮ್ಮಿ ಮಾಡತಾರ. ಸಾಮಾನು ಬಂತೇನು ಅಂತ ಕೇಳ್ರಿ. ಬಂದ್ರ ಖರ್ಚು, ಬರೀ ರೊಕ್ಕ ದಾಟಿದ್ರ ಜಮಾ.

ಆ 500 ಜಮಾ ಹಿಡದ್ರ ಖಾನಾಪುರದಾಂವ ಕೊಡೂದು 520 ಉಳೀತು. ಬೈಲಹೊಂಗಲದಾಂವಗ ಬರೂದು ಸೊನ್ನಿ.

ಸೊನ್ನಿ. ಟ್ರಂಕ್ ಎಳದಾಂವಗ ಒಂದು ರೂಪಾಯಿ ಬರೂದಿಲ್ಲ! ಅವನಿಗೆ ತೋರಿಸಿದಾಗ ಅವನ ಮಾರಿ ನೋಡಬೇಕಿತ್ತು. "ನಂದು 1,800 ಬರಬೇಕಲ್ರಿ ಕಾಕು" ಅಂದ. ಅವನ ಲೆಕ್ಕ ಹೆಂಗಂದ್ರ, ಕಿರಾಣಿ 2,400 ಕೊಟ್ಟೀನಿ, ನನ್ನ ಪಾಲು 600 ತಗದ್ರ 1,800. ಅಷ್ಟರ ಮಟ್ಟಿಗೆ ಬರೋಬ್ಬರಿ ಐತಿ. ಆದ್ರ ಅವನೂ ಗ್ಯಾಸಿನ ಅನ್ನ ಉಂಡಾನ, ರಾಡಿನ ನೀರು ಮೈಮ್ಯಾಲ ಹಾಕ್ಕೊಂಡಾನ, ವೈಫೈ ನೋಡ್ಯಾನ, ಕೇಕು ತಿಂದಾನ, ದೀಪ ಹಚ್ಯಾನ. ಅವೆಲ್ಲಾ ಸೇರಿ 1,300. 500 ಕೈಗೆ ಬಂದೈತಿ. ಮುಗೀತು. ತಾ ಕೊಟ್ಟದ್ದು ಎಲ್ಲಾರಿಗೂ ತಾರೀಖು ಸಹಿತ ನೆನಪಿರತದ, ತಾ ತಗೊಂಡದ್ದು ದಿನದಿನಕ್ಕ ಚೂರ ಚೂರ ಬಂದದ್ದು, ಅದು ನೆನಪಿರಂಗಿಲ್ಲ. ಅವನ ಮನಸ್ಸಿನ್ಯಾಗ ಮೋಸ ಇರಲಿಲ್ಲ.

ಈಗ ಎರಡನೇ ಓದು. ಜಗಳ ಎಲ್ಲಿ ಹುಟ್ಟಿತು? ಎಲ್ಲಾರೂ ಬೆಟ್ಟು ಮಾಡಿ ತೋರಿಸಿದ್ದು ಜನವರಿ 9ರ ರಾತ್ರಿನ್ನ:

```
09/01/25, 10:15 pm - Athani: light bill 1760 katteni. hatt dina ooraga idde. nivu 480 480 hakri
09/01/25, 10:19 pm - Bailhongal: modal nan kirani 1800 kodri
09/01/25, 10:20 pm - Khanapur: rod Gokak tandana. avana katli
09/01/25, 10:22 pm - Gokak: This message was deleted
```

ಅದರ ಮುಂದ ಅಪ್ಪ ಅವ್ವನ ತನಕ ಹೋಗೈತಿ, ಅದನ್ನ ಬರಿಯಂಗಿಲ್ಲ. ಆದ್ರ ನಾ ಹೇಳೂದು, ಇದು ಜಗಳದ ಸಪ್ಪಳ, ಹುಟ್ಟಲ್ಲ. ಹುಟ್ಟು ಹುಡುಕಬೇಕಂದ್ರ ಬೈದಾಡಿದ ಸಾಲಿನ್ಯಾಗ ಯಾವ ವಸ್ತುವಿನ ಹೆಸರು ಬಂದೈತಿ ನೋಡಿ, ಆ ವಸ್ತು ಮೊದಲ ಸಲ ಗುಂಪಿನ್ಯಾಗ ಬಂದಲ್ಲಿಗೆ ಹಿಂದಕ್ಕ ಹೋಗಬೇಕು. ಇಲ್ಲಿ ವಸ್ತು ರಾಡು. ಅದು ಮೊದಲ ಬಂದದ್ದು ಡಿಸೆಂಬರ್ 3ಕ್ಕ:

```
03/12/24, 8:41 pm - Gokak: rod tandeni 640. ellardu alla?
03/12/24, 8:42 pm - Khanapur: uta mess naga madona?
03/12/24, 8:44 pm - Athani: hoon
03/12/24, 8:44 pm - Gokak: ok final
```

ಕಾಗದದ ಮ್ಯಾಲೆ ಇದನ್ನ ಓದಿದ್ರ, ಅಥಣಿಯಾಂವ ರಾಡಿಗೆ ಹೂಂ ಅಂದಾನ ಅಂತ ಅನಸ್ತದ. ಗೋಕಾಕದಾಂವನೂ ಹಂಗ ತಿಳದಾನ. ಅವ ಉದ್ಯಮಬಾಗದಿಂದ ಬಸ್ಸಿನ್ಯಾಗ ನಿಂತು ಬರೂಮುಂದ, ಫೋನ್ ತಗೀದ ಮ್ಯಾಲಿನ ಪಟ್ಟಿಯಾಗ ಬಂದ `hoon` ಅಷ್ಟ ನೋಡಿ `ok final` ಅಂದಾನ. ಫೋನಿನ್ಯಾಗ ತಗದು ನೋಡಿದ್ರ, ಆ ಹೂಂ ಖಾನಾಪುರದಾಂವನ ಊಟದ ಪ್ರಶ್ನೆಗೆ ಎಳದು ಕೊಟ್ಟ ಉತ್ತರ. ರಾಡಿನ ಮಾತಿಗೆ ಖಾನಾಪುರದಾಂವನ ಹೆಬ್ಬಟ್ಟು ಐತಿ, ಅದು ಕಾಗದದ ಮ್ಯಾಲೆ ಬಂದಿಲ್ಲ. ಬೈಲಹೊಂಗಲದಾಂವ ಏನೂ ಅಂದಿಲ್ಲ. ಅಂದ್ರ ನಾಕು ಮಂದಿಯಾಗ ತಂದಾಂವ ಒಬ್ಬ, ಒಪ್ಪಿದಾಂವ ಒಬ್ಬ, ಉತ್ತರ ಕೊಡದವ್ರು ಇಬ್ಬರು. ಜನವರಿಯಾಗ "ರಾಡ್ ಗೋಕಾಕಂದು" ಅಂತ ಬರದಾಂವ ಮಾತ್ರ ಡಿಸೆಂಬರದಾಗ ಹೆಬ್ಬಟ್ಟು ಒತ್ತಿದಾಂವ! ಅದನ್ನ ಅವನ ಫೋನಿನ್ಯಾಗ ಅವನಿಗೇ ತೋರಿಸಿದೆ. ತಲಿ ಕೆರಕೊಂಡ.

ನಮ್ಮ ಕಡೆ ಹೂಂ ಅನ್ನೂದಕ್ಕ ಒಪ್ಪಿಗಿ ಅಂತನೂ ಅರ್ಥ, ಕೇಳಾಕತ್ತೀನಿ ಮುಂದ ಹೇಳು ಅಂತನೂ ಅರ್ಥ. ಎದುರಾ ಎದುರು ಕುಂತಾಗ ದನಿಯಾಗ ತಿಳೀತದ. ಬರದಾಗ ತಿಳಿಯಂಗಿಲ್ಲ. ಅದಕ್ಕ ರೊಕ್ಕದ ಮಾತಿಗೆ ಬರೀ ಹೂಂ ಸಾಲಂಗಿಲ್ಲ. ಹೂಂ ಜೊತಿಗೆ ಅಂಕಿ ಬರೀಬೇಕು: "ಹೂಂ, ರಾಡ್ 160 ನಂದು." ಇಷ್ಟ ಬರದಿದ್ರ ಡಿಸೆಂಬರ್ 3ಕ್ಕ ಇದು ಮುಗೀತಿತ್ತು.

ಆದ್ರೂ ಒಂದು ಪ್ರಶ್ನೆ ಉಳೀತು. 160 ರೂಪಾಯಿ ರಾಡಿಗೆ ಇಷ್ಟು ದೊಡ್ಡ ಜಗಳ ಯಾಕ? ರಾಡು ತಂದ ಬಿಲ್ಲು ಅದರ ಬೆಲಿಕಿಂತ ದೊಡ್ಡದು, ಅದಕ್ಕ.

ಈ ಹುಡುಗ್ರು ಆಗಸ್ಟ್ 2024ಕ್ಕ ಖೋಲಿಗೆ ಬಂದ್ರು. ಮ್ಯಾಲಿನ ಖೋಲಿಗೆ ಬ್ಯಾರೆ ಮೀಟರ್ ಐತಿ, ಗೃಹಜ್ಯೋತಿಗೆ ಸೇರೈತಿ. ಈ ಯೋಜನೆ ಹೆಂಗಂತ ನಿಮಗ ಗೊತ್ತಿರತದ: ಆಗಸ್ಟ್ 2023ರ ಬಿಲ್ಲಿನಿಂದ ಸುರು ಆತು, ಬಾಡಿಗಿಯವರಿಗೂ ಐತಿ, 2022-23ರಾಗ ಆ ಮೀಟರು ಸರಾಸರಿ ಎಷ್ಟು ಸುಟ್ಟಿತ್ತೋ ಅದರ ಮ್ಯಾಲೆ ನೂರಕ್ಕ ಹತ್ತು ಕೂಡಿಸಿ ಅಷ್ಟು ಪುಕ್ಕಟೆ. ಈ ಮೀಟರಿಗೆ 136 ಯೂನಿಟ್ ಬಂದೈತಿ. 136ರಿಂದ 200ರ ಒಳಗ ಹೋದ್ರ ಹೆಚ್ಚಾದ ಯೂನಿಟ್ಟಿಗಷ್ಟ ರೊಕ್ಕ. 200 ದಾಟಿದ್ರ ಪೂರಾ ಬಿಲ್ಲು ಕಟ್ಟಬೇಕು, ಮೊದಲನೇ ಯೂನಿಟ್ಟಿನಿಂದ.

ನವೆಂಬರದಾಗ ಇವರು 128 ಸುಟ್ಟಿದ್ರು, ಬಿಲ್ಲು ಸೊನ್ನಿ. ಡಿಸೆಂಬರಕ್ಕ ನಮ್ಮ ಕಡೆ ಥಂಡಿ ನಿಮಗ ಗೊತ್ತ ಐತಿ, ತಣ್ಣೀರು ಮುಟ್ಟಾಕ ಆಗಂಗಿಲ್ಲ. ರಾಡ್ ಮ್ಯಾಲೆ 1500 ವಾಟ್ ಅಂತ ಐತಿ. ನಾಕು ಮಂದಿ ಬಕೀಟು ಸೇರಿ ದಿನಾ ಎರಡು ತಾಸು ನಡದ್ರ 3 ಯೂನಿಟ್, ತಿಂಗಳಿಗೆ 90. 128ಕ್ಕ 90 ಕೂಡಿಸಿದ್ರ 218. ಜನವರಿಗೆ ಬಂದ ಹೆಸ್ಕಾಂ ಬಿಲ್ಲಿನ್ಯಾಗೂ 218 ಅಂತನ ಇತ್ತು, ನನ್ನ ಅಂದಾಜು ಇಷ್ಟು ಸರಿ ಬರ್ತದ ಅಂತ ನನಗೂ ಅನಿಸಿರಲಿಲ್ಲ. 200 ದಾಟಿದ್ದು 18 ಯೂನಿಟ್, ಅಂದ್ರ ಆರು ದಿವಸದ ಜಳಕ. ಆ ಆರು ದಿವಸ ಕೆಳಗ ನಮ್ಮ ಹಂಡೇದಾಗಿನ ನೀರು ಒಯ್ದಿದ್ರ ಪೂರಾ ಬಿಲ್ಲು ಬೀಳತಿದ್ದಿಲ್ಲ. ಕೇಳಿದ್ರ ಕೊಡತಿದ್ನಿ.

ಇಲ್ಲಿ ನನಗ ಒಂದು ವಿಷಯ ಹೊಳೀತು. ಚಾಟಿನ್ಯಾಗ ಸೆಪ್ಟೆಂಬರಕ್ಕ ಹೋದ್ರ ಕಿರಾಣಿ ವಿಷಯ ಬಂದೈತಿ. ಯಾರು ಊರಿಗೆ ಹೋದ್ರೂ ಕಿರಾಣಿಗೆ ದಿವಸ ಎಣಿಸೂದಿಲ್ಲ, ಸಮಾ ಪಾಲು ಅಂತ ನಾಕೂ ಮಂದಿ ಬರದು ಒಪ್ಪ್ಯಾರ. (ಅಷ್ಟು ಓದಾಕ ಮತ್ತ ಕೇಳೇ ಓದಿದೆ.) ಅದಕ್ಕ ಅಥಣಿಯಾಂವ ಹತ್ತು ದಿವಸ ಇರದಿದ್ರೂ ಕಿರಾಣಿ 600ಕ್ಕ ತುಟಿ ಬಿಚ್ಚಲಿಲ್ಲ. ಗ್ಯಾಸಿಗೂ ಮಾತು ಐತಿ, ವೈಫೈಗೂ ಐತಿ. ಕರೆಂಟಿಗೆ ಮಾತ್ರ ಒಂದ ಸಾಲು ಇಲ್ಲ. ಯಾಕಂದ್ರ ಬಿಲ್ಲು ಸೊನ್ನಿ ಬರತಿತ್ತು. ಸೊನ್ನಿನ್ನ ಹಂಚಾಕ ಯಾರು ಕಾಯ್ದೆ ಮಾಡ್ತಾರ? ಹಿಂಗಾಗಿ ರೊಕ್ಕ ಬೀಳದ ಬಿಲ್ಲಿಗೆ ರೊಕ್ಕ ಬಿದ್ದ ದಿವಸ, ಪ್ರತಿಯೊಬ್ಬನೂ ತನ್ನ ತಲ್ಯಾಗಿನ ಕಾಯ್ದೆ ಹೊರಗ ತಗದ. ಒಬ್ಬನದು ದಿವಸದ ಲೆಕ್ಕ, ಒಬ್ಬನದು ರಾಡ್ ತಂದಾಂವ ಕಟ್ಟಲಿ, ಒಬ್ಬನದು ಹಳೇದು ಮೊದಲ ತೀರಲಿ. ನಾ ನೋಡಿದ ಖೋಲಿ ಜಗಳದಾಗ ಹೆಚ್ಚಿನವು ಹಿಂಗ, ದೊಡ್ಡ ಖರ್ಚಿನ್ಯಾಗ ಹುಟ್ಟಂಗಿಲ್ಲ, ಮಾತಾಡದ ಬಿಟ್ಟ ಖರ್ಚಿನ್ಯಾಗ ಹುಟ್ಟತಾವು.

ಅಥಣಿಯಾಂವದೂ ಒಂದು ತಪ್ಪು ಐತಿ. 480 ಅಂತ ಬರೆದ, ಎಲ್ಲಿಂದ ಬಂತು ಅಂತ ಬರೀಲಿಲ್ಲ. ಬರೀ ಅಂಕಿ ನೋಡಿದವರಿಗೆ, 1,760ಕ್ಕ ನಾಕು ಪಾಲು 440 ಆಗ್ತದಲ್ಲ, ಇವ 40 ಹೆಚ್ಚಿಗಿ ಕೇಳಾಕತ್ತಾನ ಅಂತ ಸಿಟ್ಟು ಬಂದೈತಿ. ಅವನ ಲೆಕ್ಕ ಹಿಂಗಿತ್ತು: ಬಿಲ್ಲು 30 ದಿವಸದ್ದು. ಮೂರು ಮಂದಿ 30 ದಿವಸ ಇದ್ರು, ಅದು 90. ಅವ 20 ದಿವಸ ಇದ್ದ. ಕೂಡಿಸಿದ್ರ 110. 1,760ಕ್ಕ 110ರಿಂದ ಭಾಗಿಸಿದ್ರ ಒಬ್ಬ ಒಂದು ದಿವಸ ಇದ್ದದ್ದಕ್ಕ 16 ರೂಪಾಯಿ. ಅವನಿಗೆ 320, ಉಳದವರಿಗೆ 480. ತಪ್ಪಿಲ್ಲದ ಲೆಕ್ಕ. ಎರಡೂ ಪದ್ಧತಿಗೆ ಫರಕು ಏನಂದ್ರ ಅವನಿಗೆ 120, ಉಳದವರಿಗೆ ತಲಿಗೆ 40. ನಾಕು ಮಂದಿ ಗೆಳೆತನ ಮುರಿಯಾಕ ನಿಂತದ್ದು ತಲಿಗೆ 40 ರೂಪಾಯಿಗೆ. ಆದ್ರ ಆ ರಾತ್ರಿ ಅದು ಯಾರಿಗೂ ಗೊತ್ತಿರಲಿಲ್ಲ, ಯಾಕಂದ್ರ ರೊಕ್ಕದ ಲೆಕ್ಕ ಮಾಡದ ಜಗಳದ ಲೆಕ್ಕ ಮಾಡಿದ್ರು.

ನನ್ನ ಅಭಿಪ್ರಾಯ ಕೇಳಿದ್ರು. ನಾ ಮನಿ ಮಾಲಕಿ, ಖೋಲಿ ಖಾಲಿ ಆದ್ರ ನನಗೂ ತ್ರಾಸ, ಅದನ್ನ ಮೊದಲ ಹೇಳಿದೆ. ಆಮ್ಯಾಲ ಹೇಳಿದೆ: ರಾಡಿಗೆ ಹೂಂ ಅಂದ್ಯೋ ಇಲ್ಲೋ ಅನ್ನೂದು ಡಿಸೆಂಬರ್ 3ಕ್ಕ ಮುಖ್ಯ ಇತ್ತು. ಡಿಸೆಂಬರ್ 4ರಿಂದ ಅದರ ನೀರಿಲೆ ಜಳಕ ಮಾಡಿದ ಮ್ಯಾಲ, ಮಾಡಿದವರೆಲ್ಲಾ ಒಪ್ಪಿದಂಗ. ನಾಕೂ ಮಂದಿ ಮಾಡ್ಯಾರ. ಅದಕ್ಕ ರಾಡು ನಾಕೂ ಮಂದಿದು, ಖೋಲಿಯಾಗ ಉಳೀಬೇಕು. ಗೋಕಾಕದಾಂವ ಹೋಗೂಮುಂದ ಒಯ್ತೇನಿ ಅಂದ್ರ 640 ಅವನ ಒಬ್ಬಂದು. ಇನ್ನ ಕರೆಂಟಿಗೆ ದಿವಸದ ಲೆಕ್ಕನ ನ್ಯಾಯ. ಕಿರಾಣಿ ತಂದದ್ದು ಡಬ್ಬ್ಯಾಗ ಉಳೀತದ, ಊರಿಂದ ಬಂದು ಉಣತಾನ. ಕಾಸಿದ ನೀರು ಉಳಿಯಂಗಿಲ್ಲ. ಇರದಾಂವನ ಸಲುವಾಗಿ ಯಾರೂ ರಾಡ್ ಹಚ್ಚಲಿಲ್ಲ. ಕರೆಂಟಿನ್ಯಾಗ ಫ್ರಿಜ್ಜು, ವೈಫೈ ಡಬ್ಬಿ ಅವ ಇರದಿದ್ರೂ ನಡೀತಾವಲ್ಲ ಅಂತ ಖಾನಾಪುರದಾಂವ ಕೇಳಿದ, ಒಳ್ಳೆ ಪ್ರಶ್ನೆ. ಆದ್ರ ಇವರ ಖೋಲಿಯಾಗ ಫ್ರಿಜ್ ಇಲ್ಲ, ವೈಫೈ ಡಬ್ಬಿ ತಿನ್ನೂದು ಅಷ್ಟಕ್ಕಷ್ಟ. ಫ್ರಿಜ್ ಇದ್ದ ಮನ್ಯಾಗ ನಾ ಬ್ಯಾರೆ ಮಾತು ಹೇಳತಿದ್ನೇನೋ.

ಆ ಪ್ರಕಾರ ಅಥಣಿಗೆ ಬರೂದು 1,000 ಆತು. ಖಾನಾಪುರ 560, ಗೋಕಾಕ 400, ಬೈಲಹೊಂಗಲ 40 ಅವನಿಗೆ ಹಾಕಬೇಕು. ಯಾರಿಂದ ಯಾರಿಗೆ ಅಂತ ಆರು ಬಿಲ್ಲಿಗೆ ಆರು ಸಲ ಕೊಡೂದು ತಗೊಳ್ಳೂದು ಬ್ಯಾಡ, ಮೂರ ಸಲ ಹಾಕಿದ್ರ ಎಲ್ಲಾ ತೀರಿತು.

ಒಂದು ವಿಷಯಕ್ಕ ಮಾತ್ರ ನನ್ನ ಹತ್ರ ಉತ್ತರ ಇರಲಿಲ್ಲ. ಖಾನಾಪುರದಾಂವ ಬಸ್ ಸ್ಟ್ಯಾಂಡಿನ್ಯಾಗ ಬೈಲಹೊಂಗಲದಾಂವಗ 200 ಕೈಯಾಗ ಕೊಟ್ಟೀನಿ ಅಂದ. ಅವನಿಗೆ ನೆನಪಿಲ್ಲ. ಚಾಟಿನ್ಯಾಗ ಹಿಂದ ಮುಂದ ಹುಡಿಕಿದೆ, ಇಲ್ಲ. ಚಾಟು ಬರದದ್ದನ್ನ ಹೇಳ್ತದ, ಕೈಯಾಗ ಕೊಟ್ಟದ್ದನ್ನ ಹೇಳಂಗಿಲ್ಲ. ಇಂಥಾದ್ದನ್ನ ಯಾರ ಮಾರಿ ನೋಡಿಯೂ ಲೆಕ್ಕಕ್ಕ ಸೇರಿಸಬಾರದು. ಕೆಳಗ ಬ್ಯಾರೆ ಸಾಲಿನ್ಯಾಗ "200, ಇಬ್ಬರೊಳಗ" ಅಂತ ಬರದು ಬಿಟ್ಟೆ. ಅದನ್ನ ನಾಕು ಮಂದಿ ಜಗಳ ಮಾಡಬಾರದು, ಇಬ್ಬರ ವಿಷಯ ಅದು.

ಲೆಕ್ಕದ ಆ್ಯಪ್ ಹಾಕ್ಕೋರಿ ಅಂತ ನನ್ನ ಮಗಳು ಹೇಳ್ತಾಳ. ಹಾಕ್ಕೊಳ್ಳಲಿ, ಕೂಡಿಸೂದು ಕಳಿಯೂದು ಅದು ನಮಗಿಂತ ಛಲೋ ಮಾಡ್ತದ. ಆದ್ರ ರಾಡು ಯಾರದು ಅಂತ ಅದರಾಗ ಒತ್ತೂ ಬೆರಳು ಯಾರದು? ಗೋಕಾಕದಾಂವ ನಾಕು ಮಂದಿದು ಅಂತ ಒತ್ತಿದ್ರ ಅದು ನಾಕು ಪಾಲು ಮಾಡ್ತದ, ಹೂಂ ಯಾವುದಕ್ಕ ಅಂದಿ ಅಂತ ಕೇಳಂಗಿಲ್ಲ.

ಆ ಮಧ್ಯಾಹ್ನ ಗುಂಪಿನ್ಯಾಗ ಒಂದು ಹೊಸಾ ಸಾಲು ಬರಸಿದೆ, ಕರೆಂಟಿಗೆ ದಿವಸದ ಪಾಲು ಅಂತ. ಹೆಬ್ಬಟ್ಟು ನಡಿಯಂಗಿಲ್ಲ ಅಂದೆ. ನಾಕೂ ಮಂದಿ ಬರದು ಒಪ್ಪಿದ್ರು. ಟ್ರಂಕ್ ಮ್ಯಾಲೆ ಹೋತು. ಸಂಜಿಕ ಅಥಣಿಯಾಂವ ಕೆಳಗ ಬಂದು ಫೋನು ತೋರಿಸಿದ. ಎಲ್ಲಾರಕಿಂತ ಮೊದಲ ಬೈಲಹೊಂಗಲದಾಂವ ಬರದಿದ್ದ, `40 hakeni`. ಅದರ ಕೆಳಗ ಇವ ಬರದಿದ್ದ, `bantu`.